ದುಡಿಯುವ ವಯಸ್ಸು ಮತ್ತು ದುಡಿಮೆ: ಕೇರಳದ ಅನುಭವ

1971ರ ಜುಲೈನಲ್ಲಿ ಕೊಚ್ಚಿಯ ಎರ್ನಾಕುಲಂ ಟೌನ್‌ಹಾಲ್‌ನಲ್ಲಿ ಜಿಲ್ಲಾಧಿಕಾರಿ ಎಸ್. ಕೃಷ್ಣಕುಮಾರ್ ಅವರ ನೇತೃತ್ವದಲ್ಲಿ ಕುಟುಂಬ ಯೋಜನೆಯ ಶಿಬಿರವೊಂದು ನಡೆಯಿತು. ಅರವತ್ತು ಸಾವಿರಕ್ಕೂ ಹೆಚ್ಚು ಮಂದಿ ಅಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಬಹುಪಾಲು ಎಲ್ಲರೂ ಗಂಡಸರು. ಆದರೆ ಕೇರಳದ ಕುಟುಂಬಗಳು ಚಿಕ್ಕದಾದುದು ಶಿಬಿರಗಳಿಂದಷ್ಟೇ ಅಲ್ಲ. ಹೆಣ್ಣುಮಕ್ಕಳು ಶಾಲೆಗೆ ಹೋಗಿದ್ದರು, ಹುಟ್ಟಿದ ಮಕ್ಕಳು ಬದುಕುತ್ತಿದ್ದರು. 1980ರ ದಶಕದ ಕೊನೆಗೆ ತಾಯಿಯೊಬ್ಬಳಿಗೆ ಸರಾಸರಿ ಎರಡೇ ಮಕ್ಕಳು.

ಅರ್ಥಶಾಸ್ತ್ರಜ್ಞರು ಜನಸಂಖ್ಯಾ ಲಾಭಾಂಶವೆನ್ನುವುದು ಇಂಥ ಘಟ್ಟದಲ್ಲಿ ದೊರೆಯಬಹುದಾದ ಫಲವನ್ನು. ಹಿಂದಿನ ದೊಡ್ಡ ಕುಟುಂಬಗಳ ಮಕ್ಕಳು ದುಡಿಯುವ ವಯಸ್ಸಿಗೆ ಬಂದಿರುತ್ತಾರೆ. ಅವರು ಸಾಕಬೇಕಾದ ಮಕ್ಕಳು ಕಡಿಮೆ, ವೃದ್ಧರು ಇನ್ನೂ ಹೆಚ್ಚಿಲ್ಲ. ಮನೆಯಲ್ಲಿ ಹಣ ಉಳಿಯುತ್ತದೆ. ಆ ಉಳಿತಾಯ ಹೊಸ ಉದ್ಯೋಗಗಳಿಗೆ ಬಂಡವಾಳವಾದರೆ ಊರಿನ ಉತ್ಪನ್ನ ಬೆಳೆಯುತ್ತದೆ. ಈ ‘ಆದರೆ’ಯಲ್ಲಿಯೇ ಕೇರಳದ ಕಥೆಯಿದೆ.

1970ರ ದಶಕದ ನಡುವಿನಿಂದ ಸುಮಾರು ಹತ್ತು ವರ್ಷ ಕೇರಳದ ಆರ್ಥಿಕತೆ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು. ಓದಿದ ತರುಣರಿದ್ದರು, ಕೆಲಸವಿರಲಿಲ್ಲ. ಅದೇ ಹೊತ್ತಿಗೆ ತೈಲದ ಬೆಲೆಯೇರಿ ಕೊಲ್ಲಿ ರಾಷ್ಟ್ರಗಳು ಕೆಲಸಗಾರರನ್ನು ಕರೆದವು. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರದಲ್ಲಿ ಕೆ.ಸಿ. ಜಕರಿಯ ಮತ್ತು ಎಸ್. ಇರುದಯ ರಾಜನ್ 1998ರಲ್ಲಿ ವಲಸೆಯ ಸಮೀಕ್ಷೆ ನಡೆಸಿದಾಗ, ಹದಿಮೂರು ಲಕ್ಷಕ್ಕೂ ಹೆಚ್ಚು ಮಲಯಾಳಿಗಳು ವಿದೇಶದಲ್ಲಿದ್ದರು.

ಅವರು ಕಳುಹಿಸಿದ ಹಣದಿಂದ ಬಡತನ ಇಳಿಯಿತು. 1980ರ ದಶಕದ ಕೊನೆಯಿಂದ ಬೆಳವಣಿಗೆಯೂ ಮರಳಿತು. ಆದರೆ ಹಣದ ಬಹುಭಾಗ ಮನೆವೆಚ್ಚಕ್ಕೆ, ಸಾಲ ತೀರಿಸಲು, ಮನೆ ಕಟ್ಟಲು ಹೋಯಿತು. ಹೀಗಾಗಿ ಬೆಳೆದದ್ದು ವ್ಯಾಪಾರ, ಸಾರಿಗೆ, ಕಟ್ಟಡ ನಿರ್ಮಾಣ. ಓದಿದವರನ್ನು ಊರಲ್ಲೇ ಉಳಿಸಿಕೊಳ್ಳುವಷ್ಟು ಉದ್ದಿಮೆಯಲ್ಲ. ತಿರುವನಂತಪುರದ ಟೆಕ್ನೋಪಾರ್ಕ್ ಆರಂಭವಾದದ್ದು 1990ರಲ್ಲಿ, ಕೊಚ್ಚಿಯ ಇನ್ಫೋಪಾರ್ಕ್ 2004ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಹೊರಟುಹೋಗಿತ್ತು.

ಲಾಭಾಂಶದ ಮತ್ತೊಂದು ಪಾಲು ಮನೆಯೊಳಗೇ ಉಳಿಯಿತು. 2011ರ ಜನಗಣತಿಯಂತೆ ಕೇರಳದಲ್ಲಿ ನೂರು ಮಹಿಳೆಯರಲ್ಲಿ ದುಡಿಮೆಯಲ್ಲಿದ್ದವರು ಸುಮಾರು ಹದಿನೆಂಟು. ದೇಶದ ಸರಾಸರಿ ಇಪ್ಪತ್ತೈದು. ಮನೆಗೆಲಸ, ಕೃಷಿಯ ಕೈಗೆಲಸ ಈ ಲೆಕ್ಕದಲ್ಲಿ ಪೂರ್ಣವಾಗಿ ಸಿಗುವುದಿಲ್ಲ, ನಿಜ. ಆದರೂ ಸಾಕ್ಷರತೆಯಲ್ಲಿ ಮುಂದಿದ್ದ ಹೆಣ್ಣುಮಕ್ಕಳು ಸಂಬಳದ ಕೆಲಸದಲ್ಲಿ ಹಿಂದುಳಿದರೆ, ಚಿಕ್ಕ ಕುಟುಂಬ ಬಿಡುಗಡೆ ಮಾಡಿದ ಸಮಯ ಉತ್ಪನ್ನವಾಗಿ ಮಾರ್ಪಡುವುದಿಲ್ಲ.

ಅದೇ ಜನಗಣತಿಯಲ್ಲಿ ಕೇರಳದ ಎಂಟು ಜನರಲ್ಲಿ ಒಬ್ಬರು ಅರುವತ್ತು ದಾಟಿದವರು. ಇಂದು ಕೊಚ್ಚಿಯ ಸಮೀಪದ ಪೆರುಂಬಾವೂರಿನ ಪ್ಲೈವುಡ್ ಕಾರ್ಖಾನೆಗಳಲ್ಲಿ ದುಡಿಯುವವರು ಬಂಗಾಳ, ಅಸ್ಸಾಂ, ಒಡಿಶಾದ ತರುಣರು. ಒಂದು ನಾಡು ತನ್ನ ತರುಣರನ್ನು ಕಳುಹಿಸಿ, ಮತ್ತೊಂದರ ತರುಣರನ್ನು ಕರೆಸಿಕೊಂಡಿದೆ.

ಹೊರನಾಡಿನ ಕನ್ನಡಿಗರಾದ ನಮಗೆ ಇದು ಪರರ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕೇರಳದ ಫಲವಂತಿಕೆ ದರ 1.8, ಕರ್ನಾಟಕದ್ದು 1.7. ನಮ್ಮ ನಾಡಿನಲ್ಲೂ ಆ ಅವಧಿ ಓಡುತ್ತಿದೆ. ಕೆಲಸಗಳು ತರುಣರಿರುವ ಜಿಲ್ಲೆಗಳಿಗೆ ಅದು ಮುಗಿಯುವ ಮೊದಲೇ ತಲುಪಬೇಕು.