ಪೀಡೆನಾಶಕ ದಾಸ್ತಾನು: ಮಾರಾಟಗಾರರು ಗಮನಿಸಬೇಕಾದ ಅಂಶಗಳು

ಯಾವುದೇ ಕಂಪನಿಯ ಪೀಡೆನಾಶಕವನ್ನು ದಾಸ್ತಾನು ಮಾಡುವ ಮೊದಲು ಆ ಕಂಪನಿಯ ಪ್ರಿನ್ಸಿಪಲ್ ಸರ್ಟಿಫಿಕೇಟ್ ಪಡೆದು ನಿಮ್ಮ ಪರವಾನಗಿಯಲ್ಲಿ ಸೇರಿಸಿಕೊಳ್ಳತಕ್ಕದ್ದು.

ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್.ಸಿ.ಯ ಪೆಟ್ಟಿಗೆಯೊಂದು ಅಧಿಕೃತ ವಿತರಕರ ದರಕ್ಕಿಂತ ಬಹಳ ಅಗ್ಗವಾಗಿ ಬಂದಿದೆಯೆಂದು ಭಾವಿಸಿ. ಮೊದಲು ಬಿಲ್ಲು, ಪೆಟ್ಟಿಗೆ ಹಾಗೂ ಪ್ರತಿ ಬಾಟಲಿಯ ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕಗಳನ್ನು ತಾಳೆ ನೋಡಿರಿ. ಖಾಲಿ ಅಸಲಿ ಬಾಟಲಿಗಳಲ್ಲಿ ನಕಲಿ ದ್ರಾವಣ ತುಂಬಿದ್ದರೆ ಲೇಬಲ್ ದೋಷರಹಿತವಾಗಿಯೇ ಇರುತ್ತದೆ. ಆದರೆ ಒಂದೇ ಪೆಟ್ಟಿಗೆಯಲ್ಲಿ ಬೇರೆ ಬೇರೆ ಬ್ಯಾಚ್‌ಗಳು, ಬಾಟಲಿಯ ಮೇಲೆ ಗೀರುಗಳು, ಮುಚ್ಚಳದ ಕೆಳಗೆ ತುಂಡಾದ ಉಂಗುರ ಕಂಡುಬರುತ್ತವೆ. ಹೊಲೊಗ್ರಾಮ್ ಒಂದನ್ನೇ ನಂಬುವುದು ಸರಿಯಲ್ಲ, ಅದನ್ನೂ ನಕಲು ಮಾಡುತ್ತಾರೆ.

ಸಂಶಯ ಬಂದಲ್ಲಿ ಬಾಟಲಿಯನ್ನು ತೆರೆಯದೆ, ಮಾರಾಟ ನಿಲ್ಲಿಸಿ, ಪ್ರತ್ಯೇಕವಾಗಿರಿಸಿ ಕೃಷಿ ಇಲಾಖೆಯ ಕೀಟನಾಶಕ ಪರಿವೀಕ್ಷಕರಿಗೆ ತಿಳಿಸಿರಿ. ಮಾದರಿಯನ್ನು ಅವರೇ ತೆಗೆಯಬೇಕು.

ಬಿಲ್ಲಿಲ್ಲದೆ ಕೊಂಡ ಸರಕು ರೈತರ ಬೆಳೆಗಷ್ಟೇ ಅಲ್ಲ, ನಿಮಗೂ ಅಪಾಯಕಾರಿ. 1968ರ ಕೀಟನಾಶಕ ಕಾಯ್ದೆಯ 30ನೇ ಕಲಮಿನ ರಕ್ಷಣೆಯು, ಪರವಾನಗಿ ಪಡೆದವರಿಂದ ಖರೀದಿಸಿ, ಸೂಕ್ತ ಎಚ್ಚರ ವಹಿಸಿಯೂ ದೋಷ ತಿಳಿಯಲಾಗದೆ, ಸರಕನ್ನು ಬಂದ ಸ್ಥಿತಿಯಲ್ಲೇ ಸರಿಯಾಗಿ ಸಂಗ್ರಹಿಸಿದ್ದ ಮಾರಾಟಗಾರರಿಗೆ ಮಾತ್ರ ದೊರೆಯುತ್ತದೆ.