ವ್ಯಾಪ್ತಿ ಕಡಿತದ ಪ್ರತಿಪ್ರಸ್ತಾಪ

ಗ್ರಾಹಕರು ರಿಯಾಯಿತಿ ಕೇಳಿದಾಗ ದರ ಇಳಿಸದೆ, ಅವರ ಬಜೆಟ್ಟಿಗೆ ಹೊಂದುವಂತೆ ಕೆಲಸದ ಪ್ರಮಾಣವನ್ನು ಕಡಿಮೆ ಮಾಡಿ ಮುಂದಿಡುವ ಪರ್ಯಾಯ. ವ್ಯಾಪಾರ ಮಾತುಕತೆಯ ಈ ವಿಧಾನ ಛಾಯಾಗ್ರಹಣ, ವಿನ್ಯಾಸ, ಅನುವಾದದಂಥ ಸೇವಾವೃತ್ತಿಗಳಲ್ಲಿ ಬಳಕೆಯಲ್ಲಿದೆ. ಇವುಗಳಲ್ಲಿ ವೆಚ್ಚದ ದೊಡ್ಡ ಪಾಲು ದುಡಿಯುವವರ ಸಮಯ. ದರ ಇಳಿದರೂ ಕೆಲಸದ ಗಂಟೆಗಳು ಇಳಿಯುವುದಿಲ್ಲ. ಉದಾಹರಣೆಗೆ, ಆರತಕ್ಷತೆ ಮತ್ತು ಮುಹೂರ್ತ ಎರಡಕ್ಕೂ ಸೇರಿ 80,000 ರೂ. ಹೇಳಿದ ಮದುವೆ ಛಾಯಾಗ್ರಾಹಕರು, 60,000 ರೂ. ಮಾತ್ರ ಕೊಡಬಲ್ಲವರಿಗೆ ಎರಡನೆಯ ಕ್ಯಾಮೆರಾದವರನ್ನೂ ಮುದ್ರಿತ ಆಲ್ಬಮನ್ನೂ ಕೈಬಿಟ್ಟು, ಚಿತ್ರಗಳನ್ನು ಪೆನ್‌ಡ್ರೈವ್‌ನಲ್ಲಿ ಕೊಡಲು ಒಪ್ಪುತ್ತಾರೆ. ಕೈಬಿಡುವ ಅಂಶ ನಿಜವಾಗಿ ಖರ್ಚು ತಗ್ಗಿಸುವಂಥದ್ದಾಗಿರಬೇಕು. ಅದನ್ನು ಕೊಟೇಶನ್‌ನಲ್ಲಿ ಸ್ಪಷ್ಟವಾಗಿ ಬರೆಯದಿದ್ದರೆ, ಕೆಲಸ ಮುಗಿಯುವ ಹೊತ್ತಿಗೆ ‘ಇದೊಂದು ಮಾಡಿಕೊಡಿ’ ಎಂಬ ಕೋರಿಕೆಯಾಗಿ ಮರಳಿ ಬರುತ್ತದೆ. ವಿಧಾನ ವಿಫಲವಾಗುವುದು ಹೆಚ್ಚಾಗಿ ಇಲ್ಲಿಯೇ.