ಸೋಡಿಯಮ್ ಅಯಾನಿನ ನೆಗೆತವನ್ನು ಅಳೆದ ಬಗೆ

ಬೀಟಾ ಅಲ್ಯೂಮಿನ ನೋಡಲು ಪಿಂಗಾಣಿಯಂತಹ ಗಟ್ಟಿ ವಸ್ತು. ಆದರೂ ಅದರ ಪದರಗಳ ನಡುವೆ ಸೋಡಿಯಮ್ ಅಯಾನುಗಳು ಸರಾಗವಾಗಿ ಚಲಿಸುತ್ತವೆಂದು ಯಾವೋ ಮತ್ತು ಕಮ್ಮರ್ 1967ರಲ್ಲಿ ತೋರಿಸಿದರು. ಅಯಾನು ಒಂದು ತಾಣದಿಂದ ಪಕ್ಕದ ತಾಣಕ್ಕೆ ನೆಗೆಯಲು ಶಕ್ತಿಯ ದಿಣ್ಣೆಯೊಂದನ್ನು ದಾಟಬೇಕು. ಆ ದಿಣ್ಣೆಯ ಎತ್ತರವೇ ಸಕ್ರಿಯಣ ಶಕ್ತಿ. ಇದನ್ನು ತಿಳಿಯಲು ಬೇರೆ ಬೇರೆ ತಾಪಗಳಲ್ಲಿ ವಾಹಕತೆಯನ್ನು ಅಳೆಯಬೇಕು.

ತೊಡಕು ಇರುವುದು ಇಲ್ಲಿಯೇ. ಚಿನ್ನದ ವಿದ್ಯುದಗ್ರದೊಳಕ್ಕೆ ಸೋಡಿಯಮ್ ಹೋಗಲಾರದು, ಅಂಚಿನಲ್ಲೇ ಗುಂಪುಗೂಡುತ್ತದೆ. ಆಗ ನೀವು ಅಳೆಯುವ ರೋಧದಲ್ಲಿ ಈ ಅಡಚಣೆಯೂ ಸೇರಿಬಿಡುತ್ತದೆ. ವಿಟಿಂಗ್‌ಹ್ಯಾಮ್ ಮತ್ತು ಹಗ್ಗಿನ್ಸ್ 1971ರಲ್ಲಿ ಸೋಡಿಯಮ್ ಟಂಗ್‌ಸ್ಟನ್ ಬ್ರಾಂಜ್ ಎಂಬ ಸಂಯುಕ್ತದ ವಿದ್ಯುದಗ್ರಗಳನ್ನು ಬಳಸಿದರು. ಅದು ಅಯಾನಿಗೂ ಎಲೆಕ್ಟ್ರಾನಿಗೂ ದಾರಿ ಬಿಡುತ್ತದೆ. ಜಾಣ ಆಯ್ಕೆ!

ಅವರ ಫಲಿತಾಂಶವನ್ನು ನೀವೇ ನಕ್ಷೆಯಲ್ಲಿ ನೋಡಬಹುದು. ಅಡ್ಡ ಅಕ್ಷದಲ್ಲಿ 1000/T, ಲಂಬ ಅಕ್ಷದಲ್ಲಿ ln(σT) ಗುರುತಿಸಿ, T ಕೆಲ್ವಿನ್‌ನಲ್ಲಿರಲಿ. ಬಿಂದುಗಳು ಇಳಿಯುವ ಸರಳರೇಖೆಯ ಮೇಲೆ ಕೂರುತ್ತವೆ. ಇಳಿಜಾರು ಸುಮಾರು −1.90. ಋಣ ಚಿಹ್ನೆಯನ್ನು ಬಿಟ್ಟು 1000ದಿಂದಲೂ ಬೋಲ್ಟ್ಸ್‌ಮನ್ ಸ್ಥಿರಾಂಕ 0.0000862ರಿಂದಲೂ ಗುಣಿಸಿದರೆ 0.164 ಎಲೆಕ್ಟ್ರಾನ್ ವೋಲ್ಟ್ ದೊರೆಯುತ್ತದೆ.

ಹಲವರು T ಬಿಟ್ಟು ln σ ಮಾತ್ರ ಗುರುತಿಸುತ್ತಾರೆ. ಆಗಲೂ ರೇಖೆ ನೇರವಾಗಿಯೇ ಕಾಣುತ್ತದೆ. ಆದರೆ 400 ಕೆಲ್ವಿನ್ ಆಸುಪಾಸಿನಲ್ಲಿ ಉತ್ತರ kTಯಷ್ಟು, ಅಂದರೆ 0.034 ತಗ್ಗಿ, 0.13 ಆಗುತ್ತದೆ. ಹಳೆಯ ಪ್ರಬಂಧಗಳ ಅಂಕಿಗಳನ್ನು ಹೋಲಿಸುವಾಗ ಲಂಬ ಅಕ್ಷದ ಹೆಸರನ್ನು ಮೊದಲು ಓದಿಕೊಳ್ಳಿ.